ಮಗಳ ಸಂಗೀತ ಕ್ಲಾಸು ಸರಿಯಿದೆಯಾ ಎಂದು ನಾನು ನೋಡಿದ ಬಗೆ

ನನಗೆ ಸಂಗೀತ ಬರುವುದಿಲ್ಲ. ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ತುಮಕೂರಿನಲ್ಲೇ ಎರಡು ಕ್ಲಾಸುಗಳನ್ನು ನೋಡಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಮಗು ಒಬ್ಬಳೇ ಹಾಡುವುದನ್ನು ಕೇಳದೆ ಯಾವ ಕ್ಲಾಸಿನ ಬಗ್ಗೆಯೂ ಏನೂ ಹೇಳಲು ಆಗುವುದಿಲ್ಲ.

ಮೊದಲ ಕ್ಲಾಸು ಅಶೋಕನಗರದಲ್ಲಿ, ಮನೆಗೆ ಹತ್ತಿರ. ಒಂದು ಗಂಟೆಯ ಪಾಠ, 18 ಮಕ್ಕಳು. ಟೀಚರ್ ಹಾಡುತ್ತಿದ್ದರು, ಮಕ್ಕಳೆಲ್ಲ ಅವರ ಜೊತೆಗೇ ಹಾಡುತ್ತಿದ್ದರು. ಹೊರಗೆ ಕೂತು ಕೇಳಿದರೆ ತುಂಬಾ ಚೆನ್ನಾಗಿತ್ತು. ಮೊದಲು ಕಲಿಸುವ ಸ್ವರ ಪಾಠವಾದ ಸರಳೆ ವರಸೆ ಮುಗಿದು, ಅದರ ಮುಂದಿನ ಜಂಟಿ ವರಸೆ ಶುರುವಾಗಿದೆ ಎಂದು ನೋಟ್‌ಬುಕ್ ಹೇಳುತ್ತಿತ್ತು.

ಮನೆಯಲ್ಲಿ ಮೊಬೈಲಿನಲ್ಲಿ ತಂಬೂರದ ಶ್ರುತಿ ಹಾಕಿ, ಮೊದಲನೇ ಸರಳೆಯನ್ನು ತಾಳ ಹಾಕಿಕೊಂಡು ಹಾಡು ಎಂದೆ. ಒಂದನೇ ಕಾಲ, ಅಂದರೆ ನಿಧಾನದ ವೇಗ, ಹೇಗೋ ಹೋಯಿತು. ಎರಡನೇ ಕಾಲಕ್ಕೆ ಬಂದಾಗ ಅವಳ ಕೈಯೂ ಓಡತೊಡಗಿತು. ಇದನ್ನು ಯಾರು ಬೇಕಾದರೂ ಗುರುತಿಸಬಹುದು. ಆದಿತಾಳದಲ್ಲಿ ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ತಟ್ಟಿ ತಿರುಗಿಸುವುದು, ಒಟ್ಟು ಎಂಟು ಎಣಿಕೆ. ಕಾಲ ಬದಲಾದರೂ ಕೈಯ ವೇಗ ಬದಲಾಗಬಾರದು. ಒಂದನೇ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೊದಲನೇ ಸರಳೆಯಲ್ಲಿ ಹತ್ತಿ ಇಳಿದರೆ ಹದಿನಾರು ಸ್ವರ. ಹಾಗಾಗಿ ಒಂದನೇ ಕಾಲದಲ್ಲಿ ಅದಕ್ಕೆ ತಾಳದ ಎರಡು ಸುತ್ತು ಬೇಕು, ಎರಡನೇ ಕಾಲದಲ್ಲಿ ಒಂದೇ ಸುತ್ತು. ಸ್ವರದ ಜೊತೆ ಕೈಯೂ ಓಡಿದರೆ ಮಗುವಿಗೆ ಕಾಲ ಇನ್ನೂ ಬಂದಿಲ್ಲ, ಪಾಠ ಎಲ್ಲಿಗೇ ಹೋಗಿರಲಿ.

ಇನ್ನೊಂದು ಗುರುತು ರಿ. ಸರಳೆ ವರಸೆ ಕಲಿಸುವ ಮಾಯಾಮಾಳವಗೌಳ ರಾಗದಲ್ಲಿ ರಿ ತುಂಬಾ ಕೆಳಗಿದೆ, ಸ ಪಕ್ಕದಲ್ಲೇ ಕೂತಂತೆ. ಅಲ್ಲಿಂದ ಗ ದೂರ. ಮಕ್ಕಳು ರಿಯನ್ನು ಸುಮ್ನೆ ಮೇಲಕ್ಕೆ ಎಳೆದುಬಿಡುತ್ತಾರೆ. ಹದಿನೆಂಟು ದನಿಗಳ ನಡುವೆ, ಅದರ ಮೇಲೆ ಟೀಚರ ದನಿಯೂ ಇದ್ದಾಗ, ಇದು ಯಾರ ಕಿವಿಗೂ ಬೀಳುವುದಿಲ್ಲ. ಮಗುವಿನ ಕಿವಿಗೂ ಬೀಳುವುದಿಲ್ಲ, ಅದೇ ನನಗೆ ಬೇಜಾರಾದ ವಿಷಯ.

ಬ್ಯಾಚಿನ ಲೆಕ್ಕ ಸುಲಭ. ಶ್ರುತಿ ಸೇರಿಸಿ, ಶ್ಲೋಕ ಹೇಳಿ ಮುಗಿಸುವಾಗ ಹತ್ತು ನಿಮಿಷ ಹೋಯಿತು ಎನ್ನಿ. ಉಳಿದ ಐವತ್ತು ನಿಮಿಷವನ್ನು 18 ಮಕ್ಕಳಿಗೆ ಹಂಚಿದರೆ ತಲೆಗೆ ಮೂರು ನಿಮಿಷವೂ ಇಲ್ಲ. ಆರು ಮಕ್ಕಳಿದ್ದರೆ ಎಂಟು ನಿಮಿಷ ಸಿಗುತ್ತದೆ. ಆದರೆ ಬರೀ ಸಂಖ್ಯೆ ನಂಬಬೇಡಿ. ಐದೇ ಮಕ್ಕಳಿದ್ದೂ ಎಲ್ಲರನ್ನೂ ಒಟ್ಟಿಗೇ ಹಾಡಿಸಿ ಕಳಿಸಿದರೆ ಏನು ಲಾಭ? ಹತ್ತು ಮಕ್ಕಳನ್ನು ಇಬ್ಬಿಬ್ಬರಾಗಿ ಹಾಡಿಸಿ, ಉಳಿದವರಿಗೆ ತಾಳ ಹಾಕಲು ಹೇಳುವ ಟೀಚರ್ ಎಷ್ಟೋ ಮೇಲು.

ಎಸ್.ಎಸ್.ಪುರಂನ ಎರಡನೇ ಕ್ಲಾಸಿಗೆ ಹೋದಾಗ ಮೊದಲೇ ಕೇಳಿದೆ, "ಮೇಡಂ, ಒಂದು ಪಾಠ ಕೂತು ನೋಡಬಹುದಾ?" "ಬನ್ನಿಮ್ಮಾ, ಹಿಂದೆ ಕೂತ್ಕೊಳ್ಳಿ" ಎಂದರು. ಅಂದು ಒಬ್ಬ ಹುಡುಗ ಇಳಿಯುವಾಗ ದ ತಪ್ಪಿಸಿದ. ಅವರು ಅವನನ್ನು ಮೊದಲಿನಿಂದ ಹಾಡಿಸಲಿಲ್ಲ. ಅಲ್ಲೇ ನಿಲ್ಲಿಸಿ, ಪ ಹಿಡಿಸಿ, "ದ ಇಲ್ಲೇ ಪಕ್ಕದಲ್ಲಿದೆ ನೋಡು" ಎಂದು ಪ-ದ-ಪ ಎರಡು ಸಲ ತಾವು ಹಾಡಿ ತೋರಿಸಿದರು. ಆಮೇಲೆ ಬಾಯಿ ಮುಚ್ಚಿ ಅವನೊಬ್ಬನನ್ನೇ ಹಾಡಲು ಬಿಟ್ಟರು. ಸರಿಯಾದ ಮೇಲೆಯೇ ಪೂರ್ತಿ ವರಸೆ. ಆ ಬಾಯಿ ಮುಚ್ಚಿದ್ದು ನನಗೆ ತುಂಬಾ ಹಿಡಿಸಿತು.

ಅವರು ಶ್ರುತಿಯನ್ನೂ ಗಮನಿಸಿದರು. ಮೇಲಿನ ಸ ಮುಟ್ಟುವಾಗ ಮಗಳ ಕುತ್ತಿಗೆ ಬಿಗಿಯುತ್ತಿತ್ತು. ಶ್ರುತಿಯನ್ನು ಆರು ಮನೆಯಿಂದ ಐದಕ್ಕೆ, ಅಂದರೆ ಒಂದು ಮೆಟ್ಟಿಲು ಕೆಳಕ್ಕೆ, ಇಳಿಸಿದರು. ತಮ್ಮ ದನಿಗೆ ಹೊಂದುವ ಶ್ರುತಿಯಲ್ಲೇ ಎಲ್ಲ ಮಕ್ಕಳನ್ನೂ ಹಾಡಿಸುವವರೂ ಇದ್ದಾರೆ, ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಇಲ್ಲಿ ಅವಳು ಮತ್ತೆ ಮೊದಲನೇ ಸರಳೆಗೆ ಬಂದಳು. ಅಜ್ಜಿಗೆ ಬೇಸರ, "ಮುಂದೆ ಹೋಗಿದ್ದ ಮಗೂನ ಹಿಂದಕ್ಕೆ ತಂದಿದ್ದಾರಲ್ಲೇ" ಎಂದರು. ನಾನು ತಿಂಗಳಿಗೊಮ್ಮೆ ಅದೇ ಸರಳೆಯನ್ನು, ಅದೇ ಶ್ರುತಿಯಲ್ಲಿ, ಮೂರು ಕಾಲದಲ್ಲೂ ರೆಕಾರ್ಡ್ ಮಾಡಿಟ್ಟೆ. ನೆಗಡಿ ಇದ್ದ ವಾರ ಮಾಡಲಿಲ್ಲ, ಅದರಿಂದ ಏನೂ ತಿಳಿಯುವುದಿಲ್ಲ. ಮೂರನೇ ತಿಂಗಳದ್ದನ್ನು ಮೊದಲನೆಯದರ ಪಕ್ಕ ಕೇಳಿಸಿದಾಗ ಅಜ್ಜಿಗೂ ಗೊತ್ತಾಯಿತು: ಎರಡನೇ ಕಾಲದಲ್ಲಿ ಕೈ ಓಡದೆ ಒಂದೇ ವೇಗದಲ್ಲಿತ್ತು, ಕೊನೆಯ ಸ ತಂಬೂರದ ದನಿಯಲ್ಲಿ ಸೇರುತ್ತಿತ್ತು. ಮೂರನೇ ಕಾಲ ಇನ್ನೂ ತಡವರಿಸುತ್ತದೆ.

ಈಗ ಆ ಬ್ಯಾಚಿಗೆ ಹೊಸ ಮಕ್ಕಳು ಸೇರಿ ಒಂಬತ್ತಾಗಿದ್ದಾರೆ. ಒಬ್ಬೊಬ್ಬರನ್ನೇ ಹಾಡಿಸುವುದು ತಪ್ಪದಿರಲಿ ಎಂದು ಮೇಡಂಗೆ ಹೇಳಿದೆ. ಶನಿವಾರ ಹೊಸಬರಿಗೆ ಬೇರೆ ಹೊತ್ತು ಕೊಡುತ್ತೇನೆ ಎಂದಿದ್ದಾರೆ.