ಹದಿನೈದು ಇಂಚಿನ ಲ್ಯಾಪ್‌ಟಾಪಿಗೆ 4ಕೆ ಸ್ಕ್ರೀನ್: ಕೊಳ್ಳುವ ಮುನ್ನ ಬ್ಯಾಟರಿ ಲೆಕ್ಕ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಲ್ಯಾಪ್‌ಟಾಪ್ ಮುಂದಿಟ್ಟು, ‘ಇದು ಫುಲ್ ಎಚ್‌ಡಿ, ಇದು 4ಕೆ ಐತ್ರಿ’ ಎಂದರೆ ಕಣ್ಣು ಎರಡನೆಯದರ ಮೇಲೇ ನಿಲ್ಲುತ್ತದೆ. ಆದರೆ ಅಂಗಡಿಯಲ್ಲಿ ಅದು ಚಾರ್ಜರಿಗೆ ಸಿಕ್ಕಿಸಿಯೇ ಇರುತ್ತದೆ.

15.6 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್, 4ಕೆಯಲ್ಲಿ ಅದರ ನಾಲ್ಕು ಪಟ್ಟು. ಎಲ್‌ಸಿಡಿಯ ಪ್ರತಿ ಪಿಕ್ಸೆಲ್ಲಿಗೂ ಒಂದು ಪುಟ್ಟ ಕಿಟಕಿ ಇದೆ ಎಂದುಕೊಳ್ಳಿ. ಕಿಟಕಿ ಚಿಕ್ಕದಾದರೂ ಅದರ ಚೌಕಟ್ಟು, ಅಂದರೆ ಟ್ರಾನ್ಸಿಸ್ಟರ್ ಮತ್ತು ತಂತಿಗಳು, ಅದೇ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ. ಬೆಳಕು ಹಾಯುವ ಜಾಗ ಕಡಿಮೆಯಾಗುತ್ತದೆ, ಅಷ್ಟೇ ಹೊಳಪು ಬರಬೇಕಾದರೆ ಹಿಂದಿನ ಬ್ಯಾಕ್‌ಲೈಟ್ ಹೆಚ್ಚು ಉರಿಯಬೇಕು. ಬ್ಯಾಟರಿ ಮುಖ್ಯವಾಗಿ ಹೋಗುವುದು ಇಲ್ಲಿ. ಆದ್ದರಿಂದಲೇ 4ಕೆ ಕೊಂಡು, ಬ್ಯಾಟರಿ ಸಾಲದಾದಾಗ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಇಳಿಸಿದರೆ ಹೆಚ್ಚೇನೂ ಉಳಿಯದು. ಚೌಕಟ್ಟು ಅಲ್ಲೇ ಇರುತ್ತದೆ, ಅಕ್ಷರ ಮಾತ್ರ ಮಸುಕಾಗುತ್ತದೆ.

ಇನ್ನು ಕಣ್ಣಿನ ಲೆಕ್ಕ. ಫುಲ್ ಎಚ್‌ಡಿಯ ಒಂದು ಪಿಕ್ಸೆಲ್ ಸುಮಾರು 0.18 ಮಿ.ಮೀ. ದೃಷ್ಟಿ ಸರಿಯಿರುವವರು 60 ಸೆಂ.ಮೀ. ದೂರದಿಂದ ಬೇರ್ಪಡಿಸಿ ನೋಡಬಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ. ಮೇಜಿನ ಮೇಲಿಟ್ಟು ಕೈಯಳತೆಯಲ್ಲಿ ಕೂತರೆ ವ್ಯತ್ಯಾಸ ಅಲ್ಪ. 40 ಸೆಂ.ಮೀ.ಗೆ ಬಗ್ಗಿ ಓದುವವರಿಗೆ ಮಾತ್ರ, ಅದರಲ್ಲೂ ಸಣ್ಣ ಅಳತೆಯ ಕನ್ನಡದ ಒತ್ತಕ್ಷರಗಳಲ್ಲಿ, 4ಕೆ ಸ್ಪಷ್ಟವಾಗಿ ಮೇಲು. ಹೆಚ್ಚು ಜಾಗ ಸಿಗುತ್ತದೆ ಎಂಬ ಆಸೆ ಬೇಡ. ಅಕ್ಷರ ಓದಲು ಬರಬೇಕೆಂದರೆ ಸ್ಕೇಲಿಂಗ್ 200 ಅಥವಾ 250 ಪರ್ಸೆಂಟಿಗೆ ಏರಿಸಲೇಬೇಕು.

ನಿಮ್ಮ ಕೆಲಸಕ್ಕೆ ಸ್ಕ್ರೀನ್ ಎಷ್ಟು ತಿನ್ನುತ್ತದೆ ಎಂಬುದನ್ನು ಈಗಿರುವ ಲ್ಯಾಪ್‌ಟಾಪಿನಲ್ಲೇ ಅಳೆಯಬಹುದು. ಬ್ಯಾಟರಿ 80 ಪರ್ಸೆಂಟಿನ ಮೇಲಿರುವಾಗ ಚಾರ್ಜರ್ ತೆಗೆಯಿರಿ. ಬ್ರೈಟ್‌ನೆಸ್ ತಾನಾಗಿ ಬದಲಾಗುವ ಆಯ್ಕೆ ಆಫ್ ಮಾಡಿ, ಎಂದಿನ ಬೆಳಕಿನಲ್ಲಿ ಅರ್ಧ ಗಂಟೆ ಎಂದಿನ ಕೆಲಸ ಮಾಡಿ. ಬಳಿಕ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
powercfg /batteryreport
```

ವರದಿಯನ್ನು ಯಾವ ಫೋಲ್ಡರಿನಲ್ಲಿ ಉಳಿಸಿದೆ ಎಂದು ಅಲ್ಲೇ ತೋರಿಸುತ್ತದೆ. ಬ್ರೌಸರಿನಲ್ಲಿ ತೆರೆದು, ಆ ಅರ್ಧ ಗಂಟೆಯಲ್ಲಿ ಎಷ್ಟು mWh ಇಳಿಯಿತು ನೋಡಿ. ಅದೇ ಕೆಲಸವನ್ನು ಬ್ರೈಟ್‌ನೆಸ್ ಪೂರ್ತಿ ಇಳಿಸಿ ಇನ್ನರ್ಧ ಗಂಟೆ ಮಾಡಿ, ಮತ್ತೆ ನೋಡಿ.

ಒಂದು ಉದಾಹರಣೆ. ಮೊದಲ ಅರ್ಧ ಗಂಟೆಗೆ 4000 mWh, ಎರಡನೆಯದಕ್ಕೆ 2500 mWh ಇಳಿಯಿತು ಎನ್ನಿ. ಗಂಟೆಗೆ 8000 ಮತ್ತು 5000 mWh ಆಯಿತು, ಅದು 8 ವ್ಯಾಟ್ ಮತ್ತು 5 ವ್ಯಾಟ್, ಅಂದರೆ ಬೆಳಕಿಗೇ 3 ವ್ಯಾಟ್. ಬ್ಯಾಟರಿ 56 ವ್ಯಾಟ್ ಅವರ್ ಆಗಿದ್ದರೆ 7 ಗಂಟೆ ನಡೆಯುತ್ತದೆ. 4ಕೆ ಪರದೆಗೆ ಈ 3 ವ್ಯಾಟ್ ದುಪ್ಪಟ್ಟಾಗುತ್ತದೆ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿ: 11 ವ್ಯಾಟ್, 5 ಗಂಟೆ ಚಿಲ್ಲರೆ. ಸುಮಾರು ಎರಡು ಗಂಟೆ ಕಳೆದುಹೋಯಿತು. ಬ್ಯಾಟರಿ ಸವೆದು 42 ವ್ಯಾಟ್ ಅವರ್‌ಗೆ ಇಳಿದ ದಿನ ಅದೇ ಯಂತ್ರ 4 ಗಂಟೆಯೂ ಬಾರದು. ಇದೇ ವರದಿಯ FULL CHARGE CAPACITY ಸಾಲು ನಿಮ್ಮ ಬ್ಯಾಟರಿ ಈಗ ಎಷ್ಟು ಹಿಡಿಯುತ್ತದೆ ಎಂಬುದನ್ನು ಹೇಳುತ್ತದೆ. ಆದರೆ ನಿಮ್ಮ ಕೆಲಸ ವಿಡಿಯೊ ಎಡಿಟಿಂಗ್ ಆಗಿ, ಸ್ಕ್ರೀನ್ ಬಿಟ್ಟೇ 25 ವ್ಯಾಟ್ ಎಳೆಯುತ್ತಿದ್ದರೆ, 2 ಗಂಟೆ ಬರುವುದು 1 ಗಂಟೆ 48 ನಿಮಿಷಕ್ಕೆ ಬರುತ್ತದೆ, ಅಷ್ಟೇ. ಹಗುರ ಕೆಲಸಕ್ಕೇ 4ಕೆ ದುಬಾರಿ ಎಂಬುದು ವಿಚಿತ್ರವಾದರೂ ನಿಜ.

ಅಂಗಡಿಯಲ್ಲಿ ಎರಡನ್ನೂ ಹೋಲಿಸುವಾಗ ಜನ ಸಾಮಾನ್ಯವಾಗಿ ಮಾಡುವ ತಪ್ಪು, ಎರಡರಲ್ಲೂ ಬ್ರೈಟ್‌ನೆಸ್ 60 ಪರ್ಸೆಂಟ್ ಇಡುವುದು. ಗರಿಷ್ಠ ಹೊಳಪು 250 ನಿಟ್ಸ್ ಇರುವ ಪರದೆಯ 60ಕ್ಕೂ 400 ನಿಟ್ಸ್‌ನ ಪರದೆಯ 60ಕ್ಕೂ ಸಂಬಂಧವಿಲ್ಲ. ಎರಡರಲ್ಲೂ ಬಿಳಿ ಪುಟ ತೆರೆದು ಅಕ್ಕಪಕ್ಕ ಇಟ್ಟು, ಹೊಳಪು ಸಮ ಕಾಣುವವರೆಗೆ ಹೊಂದಿಸಿ. ಕನ್ನಡಿಯಂತೆ ಹೊಳೆಯುವ ಪರದೆಯಾದರೆ ಕಿಟಕಿಗೆ ಬೆನ್ನು ಮಾಡಿ ಕೂತು ನೋಡಿ. ಬೇಸಿಗೆಯ ಮಧ್ಯಾಹ್ನದ ಬೆಳಕಿನಲ್ಲಿ ಪ್ರತಿಬಿಂಬ ಮುಚ್ಚಲು ಬ್ರೈಟ್‌ನೆಸ್ ಏರಿಸಬೇಕಾಗುತ್ತದೆ, ಮೇಲಿನ ಲೆಕ್ಕ ಅಲ್ಲಿ ಇನ್ನಷ್ಟು ಕೆಡುತ್ತದೆ. ಒಎಲ್‌ಇಡಿ ಪರದೆಗೆ ಈ ಲೆಕ್ಕ ಹಾಕಬೇಡಿ. ಅದರಲ್ಲಿ ಬಿಳಿ ಪುಟ ಹೆಚ್ಚು ತಿನ್ನುತ್ತದೆ, ಕಪ್ಪು ಹಿನ್ನೆಲೆ ಕಡಿಮೆ.

ಧಾರವಾಡದ ಲೈಬ್ರರಿಯಲ್ಲಿ ಪ್ಲಗ್ ಸಿಗದೆ ದಿನವಿಡೀ ಓದುವವರಿಗೆ ಫುಲ್ ಎಚ್‌ಡಿಯೇ ಸರಿ, ಉಳಿದ ದುಡ್ಡಲ್ಲಿ ದೊಡ್ಡ ಬ್ಯಾಟರಿಯ ಮಾದರಿ ನೋಡಿ. ಗದಗಿನ ಮುದ್ರಣಾಲಯದಲ್ಲಿ ಚಾರ್ಜರ್ ತೆಗೆಯದೆ ಕರಡು ತಿದ್ದುವವರಿಗೆ 4ಕೆ ಉಪಯೋಗವುಂಟು. ಆದರೆ ಅಲ್ಲಿನ ಹಳೆಯ ಡಿಟಿಪಿ ತಂತ್ರಾಂಶವನ್ನು ಅಂಗಡಿಯಲ್ಲೇ ಹಾಕಿ ನೋಡಬೇಕು. ಸ್ಕೇಲಿಂಗ್ ಅರಿಯದ ತಂತ್ರಾಂಶದಲ್ಲಿ ಮೆನು ಇರುವೆಯಷ್ಟಾಗುತ್ತದೆ, ಇಲ್ಲವೇ ಎಲ್ಲವೂ ಮಬ್ಬಾಗುತ್ತದೆ. ಎರಡೂ ಬೇಕೆನ್ನುವವರು 2560x1440 ಪರದೆ ಕೇಳಿ: 46 ಸೆಂ.ಮೀ. ದೂರಕ್ಕೇ ಅದರ ಪಿಕ್ಸೆಲ್ ಕಣ್ಣಿಗೆ ಸಿಗದು, ಪಿಕ್ಸೆಲ್ ಸಂಖ್ಯೆಯೂ 4ಕೆಯ ಅರ್ಧಕ್ಕಿಂತ ಕಡಿಮೆ.