ಜಾಗ ಬದಲಾದ ಶೋ: ಟಿಕೆಟ್ ದುಡ್ಡು ವಾಪಸ್ ಬಂದದ್ದು ಹೀಗೆ

ಕಾರವಾರದಲ್ಲಿ ಅಂತ ಟಿಕೆಟ್ ಮಾರಿದ ಸಂಗೀತ ಕಾರ್ಯಕ್ರಮವನ್ನು ಆಯೋಜಕರು ಶಿರಸಿಗೆ ಸಾಗಿಸಿದರು. ಬುಕಿಂಗ್ ಆ್ಯಪ್‌ನವರದ್ದು ಒಂದೇ ರಾಗ, 'ಶೋ ರದ್ದಾಗಿಲ್ಲ, ರಿಫಂಡ್ ಇಲ್ಲ.' ರಾತ್ರಿ ಶೋ ಮುಗಿಸಿ ಘಟ್ಟ ಇಳಿಯೋದು ಯಾರು?

ಚಾಟ್‌ನಲ್ಲಿ ವಾದ ಮಾಡೋದು ಬಿಟ್ಟು ಅವರ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹಾಕಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಈ ಅಧಿಕಾರಿಯ ವಿಳಾಸ ಆ್ಯಪ್‌ನಲ್ಲಿ ಇರಲೇಬೇಕು, ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಬರೆದದ್ದು ಇಷ್ಟೇ: 'ನಾನು ಟಿಕೆಟ್ ರದ್ದು ಮಾಡ್ತಿಲ್ಲ, ನೀವು ಮಾರಿದ ಜಾಗದಲ್ಲಿ ಶೋ ಇಲ್ಲ.' ಹಳೇ ಜಾಗ ಕಾಣುವ ಟಿಕೆಟ್, ಬದಲಾವಣೆಯ ಮೆಸೇಜ್, ಎರಡರದ್ದೂ ಸ್ಕ್ರೀನ್‌ಶಾಟ್ ಸೇರಿಸಿದೆ. ಕನ್ವೀನಿಯೆನ್ಸ್ ಫೀ ಸಹ ಬೇಕು ಅಂತ ಬೇರೆ ಸಾಲಿನಲ್ಲಿ ಕೇಳಿದೆ, ಇಲ್ಲಾಂದ್ರೆ ಅದನ್ನು ಸುಮ್ನೆ ಇಟ್ಕೊಳ್ತಾರೆ. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡ್ತೇನೆ ಅಂತಲೂ ಸೇರಿಸಿದೆ. ಫೋನ್ ಮಾಡೋ ಮೊದಲೇ ಫೀ ಸಮೇತ ಖಾತೆಗೆ ಬಂತು.