ಎಸಿ ಸಾಹೇಬ್ರು ಹಳೇ ಆರ್ಡರ್ ರೀಕಾಲ್ ಮಾಡಿದಾಗ

ಹಾಸನದಲ್ಲಿ ರೆವಿನ್ಯೂ ಕೇಸು ನಡೆಸೋ ವಕೀಲರಿಗೆ ಈ ತಲೆನೋವು ಹೊಸದಲ್ಲ, ಎಸಿ ಅಂದ್ರೆ ಉಪವಿಭಾಗಾಧಿಕಾರಿಗಳ ಕೋರ್ಟಲ್ಲಿ ಆರ್ಡರ್ ಆಗಿರತ್ತೆ, ಸಾಹೇಬ್ರು ಟ್ರಾನ್ಸ್‌ಫರ್ ಆಗಿ ಹೊಸಬ್ರು ಬಂದ್ಮೇಲೆ ಸೋತ ಪಾರ್ಟಿ ಒಂದು ಅರ್ಜಿ ಹಾಕ್ತಾನೆ, ಹಳೇ ಆರ್ಡರ್ ರೀಕಾಲ್ ಆಗಿಬಿಡತ್ತೆ, ಅಂದ್ರೆ ಅದೇ ಕೋರ್ಟು ಅದನ್ನ ವಾಪಸ್ ತಗೊಂಡುಬಿಡತ್ತೆ.

ನನ್ನ ಹತ್ರ ಬಂದಿದ್ದು ಆಲೂರು ಕಡೆ ಕಾಫಿ ತೋಟದ ಮ್ಯುಟೇಶನ್. ಅಪ್ಪ ಬರೆದ ವಿಲ್ ಅಂತ ತೋರ್ಸಿ ಅಣ್ಣ ಒಬ್ಬನ ಹೆಸರಿಗೇ ಖಾತೆ ಮಾಡಿಸ್ಕೊಂಡಿದ್ದ. ತಂಗಿ ನಮ್ಮ ಕಕ್ಷಿದಾರ್ರು. ಭೂ ಕಂದಾಯ ಕಾಯ್ದೆ 136(2) ಅಪೀಲಲ್ಲಿ ಎಸಿಯವರು, ವಿಲ್ ತಕರಾರಲ್ಲಿದೆ, ಅದನ್ನ ಸಿವಿಲ್ ಕೋರ್ಟಲ್ಲಿ ಪ್ರೂವ್ ಮಾಡ್ಕೊಳ್ಳಿ, ಅಲ್ಲೀವರೆಗೂ ಜಂಟಿ ಖಾತೆ ಅಂದಿದ್ರು. ಆಮೇಲೆ ಬಂದ ಸಾಹೇಬ್ರು, ವಿಲ್ ರಿಜಿಸ್ಟರ್ಡ್ ಆಗಿದೆ, ಇದನ್ನ ಹಿಂದಿನವ್ರು ಸರಿಯಾಗಿ ನೋಡಿಲ್ಲ ಅಂತ ರೀಕಾಲ್ ಮಾಡಿದ್ರು.

ನಾನು ಎರಡೂ ಆರ್ಡರಿನ ದೃಢೀಕೃತ ನಕಲು ತಗೊಂಡು ಅಕ್ಕಪಕ್ಕ ಇಟ್ಟು ಓದಿದೆ. ರೀಕಾಲಿಗೆ ಕೊಟ್ಟ ಕಾರಣ ಏನು ಅನ್ನೋದರ ಮೇಲೇ ಕೇಸು ನಿಂತಿರತ್ತೆ. "ನಂಗೆ ನೋಟಿಸೇ ಬರ್ಲಿಲ್ಲ" ಅಂತಿದ್ರೆ ಅದು ಪ್ರೊಸೀಜರ್ ದೋಷ, "ಆರ್ಡರ್ ತಪ್ಪು" ಅಂತಿದ್ರೆ ಮೆರಿಟ್ಸ್ ಮೇಲಿನ ರಿವ್ಯೂ, ಅಂದ್ರೆ ತೀರ್ಮಾನಾನೇ ಮತ್ತೆ ಪರಿಶೀಲಿಸೋದು. ಎರಡನೇದಕ್ಕೆ ಕಾಯ್ದೆಯಲ್ಲೇ ಅಧಿಕಾರ ಬರೆದಿರ್ಬೇಕು ಅಂತ ಪಟೇಲ್ ನರ್ಶಿ ಠಾಕರ್ಶಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಈ ಎರಡರ ವ್ಯತ್ಯಾಸ ಬಿಡಿಸಿಟ್ಟಿದ್ದು 1980ರ ಗ್ರಿಂಡ್ಲೇಸ್ ಬ್ಯಾಂಕ್ ತೀರ್ಪು. ನಮ್ಮ ಕೇಸಲ್ಲಿ ಅಣ್ಣ ಅಪೀಲಲ್ಲಿ ವಕೀಲರನ್ನ ಇಟ್ಟು ವಾದ ಮಾಡಿಸಿದ್ದ, ವಿಲ್ ರಿಜಿಸ್ಟರ್ಡ್ ಅನ್ನೋದೂ ಹಳೇ ಆರ್ಡರಲ್ಲೇ ಇತ್ತು, ಹಾಗಾಗಿ ಇದು ಎರಡನೇ ಥರದ್ದೇ.

ಡಿಸಿ ಕೋರ್ಟಿಗೆ 136(3) ರಿವಿಜನ್ ಹಾಕಿ, ಜತೆಗೆ ಸ್ಟೇ ಕೇಳಿದೆ, ಯಾಕಂದ್ರೆ ಅಷ್ಟರಲ್ಲಿ ಪಹಣಿ ಬದಲಾದ್ರೆ ಸಾಲ, ಕ್ರಯ ಎಲ್ಲ ಶುರುವಾಗತ್ತೆ. ಎದುರಿನ ವಕೀಲ್ರು ಅದೇ ಕಾಯ್ದೆಯ ಸೆಕ್ಷನ್ 25 ಹಿಡ್ಕೊಂಡ್ರು, ನ್ಯಾಯಕ್ಕೆ ಬೇಕಾದ ಆದೇಶ ಮಾಡೋ ಅಂತರ್ಗತ ಅಧಿಕಾರ ಕಂದಾಯ ನ್ಯಾಯಾಲಯಕ್ಕೆ ಇದೆಯಲ್ಲ ಅಂತ. ಇದೆ, ನಾನೂ ಅದನ್ನ ಬಳಸಿದ್ದೀನಿ, ತೀರಿಹೋದವ್ರ ಹೆಸರಿಗೆ ನೋಟಿಸ್ ಕಳಿಸಿ ಎಕ್ಸ್‌ಪಾರ್ಟಿ ಆರ್ಡರ್ ಮಾಡಿದ್ದಾಗ ವಾರಸುದಾರ್ರ ಪರ ಅದರಡಿಯಲ್ಲೇ ರೀಕಾಲ್ ಕೇಳಿದ್ದೆ. ಆದ್ರೆ ಇಬ್ರ ವಾದಾನೂ ಕೇಳಿ ಕೊಟ್ಟ ತೀರ್ಮಾನ ಬದಲಾಯಿಸೋಕೆ 25 ಬರಲ್ಲ. ಆಮೇಲೆ ಅವ್ರು ಜನರಲ್ ಕ್ಲಾಸಸ್ ಆಕ್ಟ್ 21 ತೆಗೆದ್ರು, ಆದೇಶ ಮಾಡೋ ಅಧಿಕಾರದಲ್ಲೇ ಅದನ್ನ ರದ್ದು ಮಾಡೋ ಅಧಿಕಾರಾನೂ ಸೇರಿದೆ ಅಂತ, ಅದು ಸರ್ಕಾರದ ನೋಟಿಫಿಕೇಶನ್, ಆಡಳಿತಾತ್ಮಕ ಆದೇಶಗಳಿಗೆ ಸರಿ, ಅರೆ ನ್ಯಾಯಿಕ ಆರ್ಡರಿಗಲ್ಲ. ವಂಚನೆ ಮಾಡಿ ಪಡೆದ ಆರ್ಡರ್ ಆಗಿದ್ರೆ ಮಾತು ಬೇರೆ, ಆದ್ರೆ ಅಣ್ಣನ ಅರ್ಜಿಯಲ್ಲಿ ಆ ಆರೋಪಾನೇ ಇರ್ಲಿಲ್ಲ.

ಡಿಸಿಯವರು ರೀಕಾಲ್ ಆದೇಶ ರದ್ದು ಮಾಡಿದ್ರು. ಮೊದಲನೇ ಆರ್ಡರ್ ಸರಿಯೋ ತಪ್ಪೋ ಅನ್ನೋ ವಿಚಾರಕ್ಕೆ ಅವ್ರು ಹೋಗ್ಲೇ ಇಲ್ಲ, ಅಣ್ಣನಿಗೆ ಅದರ ವಿರುದ್ಧ ರಿವಿಜನ್ ದಾರಿ ಇದೆ, ವಿಲ್ ಬಗ್ಗೆ ಸಿವಿಲ್ ದಾವೆ ಹೂಡ್ಬಹುದು ಅಂದ್ರು.